ನಾಲ್ಕು ದಿನದಲ್ಲಿ ಆರು ಶಿಫಾರಸು ಪತ್ರ

ನವೆಂಬರ್ 27ರ ಗುರುವಾರ ರಾತ್ರಿ ನನ್ನ ಚಿಕ್ಕಪ್ಪನ ಮಗಳು ಒಂದು ಇಮೇಲ್‌ನ ಕರಡನ್ನು ಕಳುಹಿಸಿ, "ಅಕ್ಕಾ, ನಾಳೆ ಬೆಳಿಗ್ಗೆ ಇದನ್ನು ನಮ್ಮ ಪ್ರೊಫೆಸರಿಗೆ ಕಳಿಸಬೇಕು, ಕಾಗುಣಿತ ತಪ್ಪಿದ್ದರೆ ತಿದ್ದಿಕೊಡು" ಎಂದಳು. ಸ್ನಾತಕೋತ್ತರ ವ್ಯಾಸಂಗಕ್ಕೆಂದು ಅವಳು ಆರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದಳು. ಪ್ರತಿ ಅರ್ಜಿಗೂ ಮೂರು ಶಿಫಾರಸು ಪತ್ರಗಳು ಬೇಕಿದ್ದವು, ಎರಡಕ್ಕೆ ಜನ ಗೊತ್ತಾಗಿದ್ದರು, ಮೂರನೆಯದನ್ನು ಕೇಳುವ ಪತ್ರ ಇದಾಗಿತ್ತು. ನಾನು ಹಲವು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ, ಪ್ರತಿ ಚಳಿಗಾಲದಲ್ಲೂ ಇಂಥ ಪತ್ರಗಳನ್ನು ಬರೆಯುತ್ತೇನೆ. ಹಾಗಾಗಿ ಅವಳ ಕರಡನ್ನು ಅಕ್ಕನಾಗಿ ಓದುವುದಕ್ಕಿಂತ ಮೊದಲು ಅದು ತಲುಪಬೇಕಾಗಿದ್ದವರ ಜಾಗದಲ್ಲಿ ಕೂತು ಓದಿದೆ. ಕಾಗುಣಿತದಲ್ಲಿ ತಪ್ಪೇನೂ ಇರಲಿಲ್ಲ.

> ವಿಷಯ: ತುರ್ತು!! ಶಿಫಾರಸು ಪತ್ರ ಬೇಕಾಗಿದೆ
>
> ಗೌರವಾನ್ವಿತ ಸರ್,
>
> ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ನಾನು ತಮ್ಮ ಹಳೆಯ ವಿದ್ಯಾರ್ಥಿನಿ. ತಮ್ಮಂಥ ಮಹಾನ್ ವಿದ್ವಾಂಸರ ಬಳಿ ಕಲಿತದ್ದು ನನ್ನ ಪೂರ್ವಜನ್ಮದ ಪುಣ್ಯ. ಉನ್ನತ ವ್ಯಾಸಂಗಕ್ಕಾಗಿ ಆರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದು, ಅದಕ್ಕೆ ತಮ್ಮ ಶಿಫಾರಸು ಪತ್ರ ಬೇಕಾಗಿದೆ. ಎಲ್ಲ ಕಡೆಯೂ ತಮ್ಮ ಹೆಸರನ್ನು ಈಗಾಗಲೇ ಕೊಟ್ಟಿದ್ದೇನೆ, ಲಿಂಕ್‌ಗಳು ಬಂದಿರಬಹುದು. ಕೊನೆಯ ದಿನಾಂಕ ಸೋಮವಾರವಾದ್ದರಿಂದ ಭಾನುವಾರದೊಳಗೆ ಸಲ್ಲಿಸಬೇಕಾಗಿ ವಿನಂತಿ. ತಮಗೆ ಬಿಡುವಿಲ್ಲದಿದ್ದರೆ ನಾನೇ ಬರೆದು ಕಳಿಸುತ್ತೇನೆ, ತಾವು ಸಹಿ ಮಾಡಿದರೆ ಸಾಕು. ನನ್ನ ಭವಿಷ್ಯ ತಮ್ಮ ಕೈಯಲ್ಲಿದೆ. ಮುಂಚಿತವಾಗಿ ಧನ್ಯವಾದಗಳು.

ನಾನು ಮೊದಲು ಎತ್ತಿಕೊಂಡದ್ದು ಸಮಯದ ಪ್ರಶ್ನೆಯನ್ನು. ಯಾರನ್ನು ಎಷ್ಟು ಪತ್ರ ಕೇಳಬಹುದೆಂಬುದೇ ಅದರಿಂದ ತೀರ್ಮಾನವಾಗುತ್ತದೆ, ಅದು ತೀರ್ಮಾನವಾಗದೆ ಮಾತನ್ನು ತಿದ್ದಿ ಪ್ರಯೋಜನವಿಲ್ಲ. ಶುಕ್ರವಾರ ಬೆಳಿಗ್ಗೆ ಪತ್ರ ಕಳಿಸಿ ಭಾನುವಾರದೊಳಗೆ ಎಂದರೆ ಆ ಪ್ರಾಧ್ಯಾಪಕರ ಕೈಗೆ ಸಿಗುವುದು ಒಂದೇ ಒಂದು ಕೆಲಸದ ದಿನ. ಅದೂ ಸೆಮಿಸ್ಟರ್ ಮುಗಿಯುವ, ಉತ್ತರಪತ್ರಿಕೆಗಳು ಮೇಜಿನ ಮೇಲೆ ರಾಶಿ ಬೀಳುವ ಕಾಲದಲ್ಲಿ. ಆ ದಿನದಲ್ಲಿ ಅವರು ಮಾಡಬೇಕಾದ ಕೆಲಸವೇನೆಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ನೋಡಿರುವುದಿಲ್ಲ. ನನ್ನ ಅನುಭವದಲ್ಲಿ ಒಬ್ಬ ವಿದ್ಯಾರ್ಥಿಗೆ ಮೊದಲ ಬಾರಿ ಪತ್ರ ಬರೆಯಲು ಎರಡು ಮೂರು ಗಂಟೆ ಬೇಕಾಗುತ್ತದೆ, ಏಕೆಂದರೆ ಹಳೆಯ ಅಂಕಪಟ್ಟಿ ಹುಡುಕಬೇಕು, ಅವರ ವರದಿಯನ್ನು ಮತ್ತೊಮ್ಮೆ ಓದಬೇಕು, ಆ ತರಗತಿಯಲ್ಲಿ ಅವರು ಎಲ್ಲಿ ನಿಲ್ಲುತ್ತಿದ್ದರೆಂದು ನೆನಪಿಗೆ ತಂದುಕೊಳ್ಳಬೇಕು. ಒಂದು ಪತ್ರ ಸಿದ್ಧವಾದ ಮೇಲೆ ಅದನ್ನು ಆರು ಕಡೆ ಏರಿಸುವುದು ಆರು ಬಾರಿ ಗುಂಡಿ ಒತ್ತಿದಷ್ಟು ಸುಲಭವಲ್ಲ. ಬಹಳಷ್ಟು ಪೋರ್ಟಲ್‌ಗಳು ಪತ್ರದ ಜೊತೆಗೆ ಒಂದು ನಮೂನೆಯನ್ನೂ ತುಂಬಿಸುತ್ತವೆ. ಅಭ್ಯರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ, ಯಾವ ಸಂಬಂಧದಲ್ಲಿ, ನೀವು ಕಂಡ ಎಷ್ಟು ವಿದ್ಯಾರ್ಥಿಗಳ ಪೈಕಿ ಇವರು ಮೊದಲ ಶೇಕಡಾ 5ರಲ್ಲಿ ಬರುತ್ತಾರೋ, 10ರಲ್ಲೋ, 25ರಲ್ಲೋ ಎಂದೆಲ್ಲ ಕೇಳುತ್ತವೆ. ಇದಕ್ಕೆ ಒಂದೊಂದು ಕಡೆ ಹತ್ತು ಹದಿನೈದು ನಿಮಿಷವಾದರೂ ಹಿಡಿಯುತ್ತದೆ.

ನಾಲ್ಕರಿಂದ ಆರು ವಾರ ಮೊದಲು ಕೇಳುವುದು ಸರಿಯಾದ ಕ್ರಮ, ಮೂರು ವಾರವಾದರೆ ಬಿಗಿ. ಎರಡು ವಾರಕ್ಕಿಂತ ಕಡಿಮೆಯಿದ್ದರೆ ನೀವು ಕೇಳುತ್ತಿರುವುದು ಉಪಕಾರ, ಅದನ್ನು ಉಪಕಾರವೆಂದೇ ಹೇಳಿ ಕೇಳಬೇಕು. ಅವಸರದಲ್ಲಿ ಬರೆದ ಪತ್ರ ಹೇಗಿರುತ್ತದೆಂದು ನನಗೆ ಗೊತ್ತು. "ಈ ವಿದ್ಯಾರ್ಥಿನಿ ನನ್ನ ತರಗತಿಯಲ್ಲಿ ಉತ್ತಮ ಅಂಕ ಪಡೆದಿದ್ದಾಳೆ, ಶ್ರದ್ಧಾವಂತೆ, ಪ್ರಾಮಾಣಿಕಳು, ಅವಳಿಗೆ ಶುಭವಾಗಲಿ" ಎಂಬ ನಾಲ್ಕು ವಾಕ್ಯಗಳಾಚೆ ಅದು ಹೋಗುವುದಿಲ್ಲ. ಅಂಕವನ್ನು ಆಯ್ಕೆ ಸಮಿತಿಯವರು ಅಂಕಪಟ್ಟಿಯಲ್ಲೇ ನೋಡಿರುತ್ತಾರೆ. ಆದ್ದರಿಂದ ಅಂಥ ಪತ್ರ ಅವರಿಗೆ ಹೇಳುವುದು ಒಂದನ್ನೇ: ಬರೆದವರಿಗೆ ಈಕೆಯ ಬಗ್ಗೆ ಹೆಚ್ಚೇನೂ ಗೊತ್ತಿಲ್ಲ.

ಅವಳಿಗೆ ಫೋನ್ ಮಾಡಿ ಆರು ಗಡುವುಗಳನ್ನೂ ಒಂದೊಂದಾಗಿ ಓದಿಸಿದೆ. ಆಗ ತಿಳಿದದ್ದೇನೆಂದರೆ ಸೋಮವಾರ, ಅಂದರೆ ಡಿಸೆಂಬರ್ 1ಕ್ಕೆ ಇದ್ದದ್ದು ಒಂದೇ ಒಂದು ಅರ್ಜಿ. ಮೂರು ಡಿಸೆಂಬರ್ 15ಕ್ಕೆ ಇದ್ದವು, ಉಳಿದೆರಡು ಜನವರಿ 5ಕ್ಕೆ. ಅತ್ಯಂತ ಹತ್ತಿರದ ದಿನಾಂಕದ ಗಾಬರಿಯಲ್ಲಿ ಅವಳು ಆರಕ್ಕೂ ಅದನ್ನೇ ಕಟ್ಟಿಬಿಟ್ಟಿದ್ದಳು. ಇಂಥ ತಪ್ಪು ಪ್ರತಿ ವರ್ಷ ಕಣ್ಣಿಗೆ ಬೀಳುತ್ತದೆ, ಅದರಿಂದ ನಷ್ಟವಾಗುವುದು ವಿದ್ಯಾರ್ಥಿಗೇ. ನಿಜವಾಗಿ ಇರುವ ಹದಿನೇಳು ದಿನವನ್ನು ಮರೆಮಾಡಿ ಮೂರೇ ದಿನವಿದೆಯೆಂದು ಹೇಳಿದರೆ, ಒಪ್ಪಿಕೊಳ್ಳಬಹುದಾಗಿದ್ದವರೂ ಆಗುವುದಿಲ್ಲ ಎಂದುಬಿಡುತ್ತಾರೆ.

ಡಿಸೆಂಬರ್ 1ರ ಅರ್ಜಿಗೆ ಈ ಪ್ರಾಧ್ಯಾಪಕರನ್ನು ಕೇಳುವುದೇ ಬೇಡವೆಂದು ನಾನು ಹೇಳಿದೆ. ಅವಳು ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದ ಕಡೆಯ ಮೇಲ್ವಿಚಾರಕರು ಬೇರೊಂದು ವಿದ್ಯಾರ್ಥಿವೇತನಕ್ಕಾಗಿ ಎರಡು ತಿಂಗಳ ಹಿಂದೆ ಅವಳಿಗೊಂದು ಪತ್ರ ಬರೆದುಕೊಟ್ಟಿದ್ದರು. ಒಮ್ಮೆ ಬರೆದ ಪತ್ರವನ್ನು ಹೊಸ ಅರ್ಜಿಗೆ ಹೊಂದಿಸಲು ಅರ್ಧ ಗಂಟೆ ಸಾಕು, ಆದ್ದರಿಂದ ಕಡಿಮೆ ಸಮಯದಲ್ಲಿ ಕೇಳಬಹುದಾದವರು ಅವರೇ. ಆ ಅರ್ಜಿಯಲ್ಲಿ ಪ್ರಾಧ್ಯಾಪಕರ ಹೆಸರು ಆಗಲೇ ದಾಖಲಾಗಿತ್ತು, ಆದರೆ ಪತ್ರ ಇನ್ನೂ ಬಂದಿರದ ಕಾರಣ ಹೆಸರು ಬದಲಿಸಲು ಅವಕಾಶವಿತ್ತು. ಪತ್ರ ಒಂದೆರಡು ದಿನ ತಡವಾಗಿ ಬಂದರೂ ಸ್ವೀಕರಿಸುವ ವಿಭಾಗಗಳು ಉಂಟು, ಅರ್ಜಿಯ ದಿನಾಂಕವೇ ಪತ್ರದ ದಿನಾಂಕವೂ ಹೌದೆಂದು ಪಟ್ಟು ಹಿಡಿಯುವ ವಿಭಾಗಗಳೂ ಉಂಟು. ಇದನ್ನು ಪ್ರವೇಶ ವಿಭಾಗದ ಕಚೇರಿಗೆ ಬರೆದು ವಿದ್ಯಾರ್ಥಿಯೇ ತಿಳಿದುಕೊಳ್ಳಬೇಕು. "ತಡವಾದರೂ ನಡೆಯಬಹುದು ಸರ್" ಎಂದು ಊಹೆಯ ಮೇಲೆ ಪ್ರಾಧ್ಯಾಪಕರಿಗೆ ಬರೆಯಬಾರದು.

ಇನ್ನೊಂದು ಮಾತನ್ನು ಇಲ್ಲೇ ಸೇರಿಸುತ್ತೇನೆ. ಗಡುವು 15 ಆಗಿದ್ದರೆ 10 ಎಂದು ಸುಳ್ಳು ಹೇಳುವುದು ಜಾಣತನವೆಂದು ಕೆಲವರು ಕಲಿಸಿಕೊಡುತ್ತಾರೆ. ಪೋರ್ಟಲ್‌ನಿಂದ ಬರುವ ಇಮೇಲ್‌ನಲ್ಲಿ ಬಹುತೇಕ ನಿಜವಾದ ದಿನಾಂಕವೇ ಇರುತ್ತದೆ, ಓದಿದ ಕೂಡಲೇ ಗೊತ್ತಾಗುತ್ತದೆ. ನಿಜವಾದ ಗಡುವು ಇದು, ಸಾಧ್ಯವಾದರೆ ಈ ದಿನದೊಳಗೆ ಎಂದು ಎರಡನ್ನೂ ಬರೆದರೆ ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ವಿಶ್ವವಿದ್ಯಾಲಯ ಬೇರೆ ದೇಶದಲ್ಲಿದ್ದರೆ ಅದರ ರಾತ್ರಿ 11:59 ಪತ್ರ ಬರೆಯುವವರ ಗಡಿಯಾರದಲ್ಲಿ ಯಾವ ದಿನ ಎಷ್ಟು ಗಂಟೆಗೆ ಬರುತ್ತದೆಂದು ಲೆಕ್ಕ ಹಾಕಿ, ಅದನ್ನೇ ಬರೆಯಬೇಕು.

ಸಮಯ ಇತ್ಯರ್ಥವಾದ ಮೇಲೆ ವಿವರಗಳಿಗೆ ಬಂದೆವು. "ನಾನು ತಮ್ಮ ಹಳೆಯ ವಿದ್ಯಾರ್ಥಿನಿ" ಎಂಬ ವಾಕ್ಯವನ್ನು ಓದಿ ನನಗೆ ನಿಜವಾಗಿ ನೋವಾಯಿತು. ತಾನು ಅವರ ನೆನಪಿನಲ್ಲಿ ಸ್ಪಷ್ಟವಾಗಿ ಉಳಿದಿದ್ದೇನೆಂದು ಆ ಹುಡುಗಿ ನಂಬಿದ್ದಳು. ವರ್ಷಕ್ಕೆ ನೂರಿನ್ನೂರು ಮುಖಗಳನ್ನು ಕಾಣುವ ಅಧ್ಯಾಪಕರಿಗೆ ಎರಡು ವರ್ಷದ ಹಿಂದಿನ ಒಂದು ಹೆಸರು ತಟ್ಟನೆ ಹೊಳೆಯದಿದ್ದರೆ ಅದು ಉಪೇಕ್ಷೆಯಲ್ಲ. ನನಗೂ ಮುಖ ನೆನಪಿರುತ್ತದೆ, ಹೆಸರು ಮರೆತಿರುತ್ತದೆ. ಕೆಲವೊಮ್ಮೆ ವರದಿ ನೆನಪಿರುತ್ತದೆ, ಅದನ್ನು ಬರೆದವರು ಯಾರೆಂಬುದು ಮರೆತಿರುತ್ತದೆ.

ಆದ್ದರಿಂದ ಅವಳನ್ನು ಕೇಳಿದೆ: ಅವರ ಬಳಿ ಏನು ಓದಿದೆ, ಯಾವಾಗ? ಎರಡು ವರ್ಷದ ಹಿಂದೆ, ಅನ್ವಯಿಕ ಸಂಖ್ಯಾಶಾಸ್ತ್ರ. ಏನು ಮಾಡಿದೆ? ಒಂದು ಪ್ರಾಜೆಕ್ಟ್. ಯಾವುದರ ಮೇಲೆ? ಉಷ್ಣಾಂಶದ ದಾಖಲೆಗಳಲ್ಲಿ ಬಿಟ್ಟುಹೋದ ಅಳತೆಗಳನ್ನು ತುಂಬುವುದರ ಮೇಲೆ. ಅವರು ಅದನ್ನು ನೋಡಿ ಏನೆಂದರು? ಇಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. ಬಳಿಕ ಹೇಳಿದ್ದು ಹೀಗೆ: ಮೊದಲ ಕರಡಿನಲ್ಲಿ ಅವಳು ಖಾಲಿ ಜಾಗಗಳಿಗೆಲ್ಲ ಸರಾಸರಿಯನ್ನು ತುಂಬಿದ್ದಳು. ಪ್ರಾಧ್ಯಾಪಕರು ಅಂಚಿನಲ್ಲಿ "ಹೀಗೆ ಮಾಡಿದರೆ ನಿನ್ನ ದತ್ತಾಂಶದ ಏರಿಳಿತವೇ ಸತ್ತುಹೋಗುತ್ತದೆ, ನೋಡು" ಎಂದು ಬರೆದಿದ್ದರು. ಅವಳು ಏರಿಳಿತದ ಪ್ರಮಾಣವನ್ನು ಲೆಕ್ಕ ಹಾಕಿ ಅದು ನಿಜವೆಂದು ಕಂಡುಕೊಂಡಳು. ಅಕ್ಕಪಕ್ಕದ ಕೇಂದ್ರಗಳ ಅಳತೆಗಳಿಂದ ಅಂದಾಜು ಕಟ್ಟುವ ವಿಧಾನಕ್ಕೆ ಬದಲಾಯಿಸಿ, ಎರಡರ ವ್ಯತ್ಯಾಸವನ್ನೇ ಒಂದು ಅಧ್ಯಾಯವಾಗಿ ಬರೆದಳು. ಕೇಳದಿದ್ದರೂ ಎರಡನೆಯ ವರದಿಯನ್ನು ಅವರಿಗೆ ಒಪ್ಪಿಸಿದಳು.

ಪತ್ರಕ್ಕೆ ಬೇಕಾದದ್ದು ಇದೇ. ತಪ್ಪನ್ನು ತೋರಿಸಿದಾಗ ಈ ವಿದ್ಯಾರ್ಥಿನಿ ತಾನೇ ಪರೀಕ್ಷಿಸಿ ನೋಡಿದಳು, ಒಪ್ಪಿಕೊಂಡಳು, ಮತ್ತೆ ಮಾಡಿದಳು ಎಂಬುದು ಆಯ್ಕೆ ಸಮಿತಿಗೆ ಬೇರೆಲ್ಲಿಯೂ ಸಿಗದ ಮಾಹಿತಿ, ಮತ್ತು ಅದನ್ನು ಕಣ್ಣಾರೆ ಕಂಡವರು ಆ ಪ್ರಾಧ್ಯಾಪಕರೊಬ್ಬರೇ. ಶ್ರದ್ಧೆ, ಜಿಜ್ಞಾಸೆ ಮುಂತಾದ ಗುಣವಾಚಕಗಳನ್ನು ಅವರಿಗೆ ಒದಗಿಸುವ ಅಗತ್ಯವಿಲ್ಲ. ಈ ಘಟನೆಯನ್ನು ನಾಲ್ಕು ಸಾಲಿನಲ್ಲಿ ನೆನಪಿಸಿದರೆ ಗುಣವಾಚಕಗಳನ್ನು ಅವರೇ ತಮ್ಮ ಮಾತಿನಲ್ಲಿ ಹುಡುಕಿಕೊಳ್ಳುತ್ತಾರೆ. ಹೀಗಾಗಿ, ನೆನಪಿಸಲು ಇಂಥ ಒಂದು ಘಟನೆಯೂ ಇಲ್ಲದಿದ್ದರೆ ಆ ವ್ಯಕ್ತಿಯನ್ನು ಪತ್ರ ಕೇಳಬೇಕೇ ಎಂದು ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು, ಅವರ ಹುದ್ದೆ ಎಷ್ಟೇ ದೊಡ್ಡದಾಗಿದ್ದರೂ.

ಇದರ ಜೊತೆಗೆ ಒಣ ಮಾಹಿತಿಯೂ ಬೇಕು: ದಾಖಲೆಯಲ್ಲಿರುವಂತೆ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ಓದಿದ ವರ್ಷ, ಪಡೆದ ಗ್ರೇಡ್, ಯಾವ ವಿಷಯದಲ್ಲಿ ಯಾವ ಪದವಿಗೆ ಅರ್ಜಿ, ಅದು ಏಕೆ. ಲಗತ್ತುಗಳು ನಾಲ್ಕು ಸಾಕು: ರೆಸ್ಯೂಮೆ, ಅಂಕಪಟ್ಟಿ, ಉದ್ದೇಶ ಪತ್ರದ ಕರಡು, ಆ ಪ್ರಾಜೆಕ್ಟ್‌ನ ಎರಡನೆಯ ವರದಿ. ಉದ್ದೇಶ ಪತ್ರ ಇನ್ನೂ ಅರ್ಧವಾಗಿದೆಯೆಂದು ಅವಳು ಸಂಕೋಚಪಟ್ಟಳು. ಅರ್ಧವಾಗಿದ್ದರೂ ಕಳಿಸಬೇಕು, ಏಕೆಂದರೆ ಅವಳು ಅರ್ಜಿಯಲ್ಲಿ ಹೇಳುವುದೊಂದು, ಅವರು ಪತ್ರದಲ್ಲಿ ಹೇಳುವುದು ಇನ್ನೊಂದು ಆಗಬಾರದು. ಕಡತಗಳ ಹೆಸರಿನಲ್ಲಿ ಅವಳ ಹೆಸರಿರಬೇಕು, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ `resume_final2.pdf` ಎಂಬುದು ಯಾರದೆಂದು ಒಂದು ವಾರದ ನಂತರ ತಿಳಿಯುವುದಿಲ್ಲ.

ಇನ್ನು ಧಾಟಿ. ಈ ಕರಡಿನ ಧಾಟಿಯಲ್ಲಿ ಒಟ್ಟಿಗಿರಬಾರದ ಎರಡು ದನಿಗಳಿದ್ದವು. ಒಂದು ಕಡೆ ಪೂರ್ವಜನ್ಮದ ಪುಣ್ಯ, ಮಹಾನ್ ವಿದ್ವಾಂಸರು. ಇನ್ನೊಂದು ಕಡೆ ತುರ್ತು, ಹೆಸರು ಕೊಟ್ಟಾಗಿದೆ, ಭಾನುವಾರದೊಳಗೆ, ಸಹಿ ಮಾಡಿದರೆ ಸಾಕು. ಹೊಗಳಿಕೆ ಹೆಚ್ಚಾದಷ್ಟೂ ಅದರ ಹಿಂದಿನ ಆಜ್ಞೆ ಗಟ್ಟಿಯಾಗಿ ಕೇಳಿಸುತ್ತದೆ. ಅವಳಿಗೆ ಆಜ್ಞೆ ಮಾಡುವ ಉದ್ದೇಶ ಎಳ್ಳಷ್ಟೂ ಇರಲಿಲ್ಲವೆಂದು ನಾನು ಬಲ್ಲೆ. ಭಯವಿತ್ತು, ಭಯದಲ್ಲಿ ಬರೆದಾಗ ಮಾತು ಹೀಗೆ ಎರಡು ತುದಿಗೆ ಓಡುತ್ತದೆ. ಗೌರವ ಕಾಣಬೇಕಾದದ್ದು ಇಲ್ಲ ಎನ್ನಲು ಅವರಿಗೆ ಬಿಟ್ಟುಕೊಟ್ಟ ಜಾಗದಲ್ಲಿ. "ನನ್ನ ಭವಿಷ್ಯ ತಮ್ಮ ಕೈಯಲ್ಲಿದೆ" ಎಂಬ ವಾಕ್ಯ ಆ ಜಾಗವನ್ನು ಮುಚ್ಚಿಬಿಡುತ್ತದೆ. "ಮುಂಚಿತವಾಗಿ ಧನ್ಯವಾದಗಳು" ಎಂಬುದೂ ಅಷ್ಟೇ, ಒಪ್ಪಿಗೆ ಬರುವ ಮೊದಲೇ ಅದನ್ನು ಪಡೆದುಕೊಂಡಂತೆ ವರ್ತಿಸುತ್ತದೆ. ಆ ಜಾಗ ವಿದ್ಯಾರ್ಥಿಗೂ ಬೇಕು. ಬೆಂಬಲಿಸಿ ಬರೆಯಲು ಮನಸ್ಸಿಲ್ಲದವರು ಇಲ್ಲ ಎನ್ನಲಾಗದೆ ಬರೆದುಕೊಟ್ಟ ಸಪ್ಪೆ ಪತ್ರ, ಪತ್ರವೇ ಬರದಿದ್ದಷ್ಟು ಕೆಡುಕು ಮಾಡಬಲ್ಲದು.

ಒಪ್ಪಿಗೆಗೆ ಮೊದಲೇ ಪೋರ್ಟಲ್‌ನಲ್ಲಿ ಹೆಸರು ತುಂಬಿದ್ದು ನನ್ನ ಲೆಕ್ಕದಲ್ಲಿ ಈ ಇಡೀ ಪ್ರಸಂಗದ ದೊಡ್ಡ ತಪ್ಪು. ಕೆಲವು ಪೋರ್ಟಲ್‌ಗಳು ಹೆಸರು ಉಳಿಸಿದ ಕ್ಷಣವೇ ಲಿಂಕ್ ಕಳಿಸುತ್ತವೆ, ಕೆಲವು ಅರ್ಜಿ ಸಲ್ಲಿಸಿದ ಮೇಲೆ ಕಳಿಸುತ್ತವೆ. ಮೊದಲ ಬಗೆಯದಾದರೆ, ಯಾರೆಂದು ನೆನಪಿಲ್ಲದ ವಿದ್ಯಾರ್ಥಿಯ ಪರವಾಗಿ ಯಂತ್ರವೊಂದು ಬರೆದ ಪತ್ರ ಅವರಿಗೆ ಮೊದಲು ತಲುಪಿರುತ್ತದೆ. ಅವಳ ಆರು ಅರ್ಜಿಗಳಲ್ಲಿ ಎರಡರಿಂದ ಹಾಗೆ ಲಿಂಕ್ ಹೋಗಿತ್ತು. ಅದನ್ನು ಮುಚ್ಚಿಡದೆ ಒಂದೇ ವಾಕ್ಯದಲ್ಲಿ ಕ್ಷಮೆ ಕೇಳುವುದೆಂದು ನಿಶ್ಚಯಿಸಿದೆವು. ನಾಲ್ಕು ಬಾರಿ ಕ್ಷಮೆ ಕೇಳಿದರೆ ಓದುವವರಿಗೆ ಸಮಾಧಾನ ಹೇಳುವ ಕೆಲಸವೂ ಸೇರಿಕೊಳ್ಳುತ್ತದೆ.

"ನಾನೇ ಬರೆದು ಕಳಿಸುತ್ತೇನೆ" ಎಂಬ ಮಾತನ್ನು ಪೂರ್ತಿ ತೆಗೆಸಿದೆ. ಕರಡು ನೀನೇ ಬರೆದು ತಾ ಎನ್ನುವ ಅಧ್ಯಾಪಕರು ಇದ್ದಾರೆಂಬುದು ನಿಜ. ಆದರೆ ವಿದ್ಯಾರ್ಥಿಯೇ ಅದನ್ನು ಮುಂದಿಡುವುದು ಅವರ ಅಭಿಪ್ರಾಯ ತನಗೆ ಬೇಕಿಲ್ಲ, ಸಹಿ ಮಾತ್ರ ಬೇಕು ಎಂದಂತೆ. ಅರ್ಜಿಗಳಲ್ಲಿ ಕೇಳುವ ಇನ್ನೊಂದು ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದ್ದು. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುವಿರಾ ಎಂದು ಅಲ್ಲಿ ಕೇಳುತ್ತಾರೆ. ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕನ್ನು 1974ರ ಕಾನೂನೊಂದು ಕೊಟ್ಟಿರುವುದರಿಂದ ಅಲ್ಲಿನ ಅರ್ಜಿಗಳಲ್ಲಿ ಈ ಪ್ರಶ್ನೆ ಇರುತ್ತದೆ. ಸಾಮಾನ್ಯವಾಗಿ ಬಿಟ್ಟುಕೊಡುವುದೇ ರೂಢಿ, ಏಕೆಂದರೆ ವಿದ್ಯಾರ್ಥಿ ಓದುವುದಿಲ್ಲವೆಂದು ಗೊತ್ತಿದ್ದಾಗ ಬರೆದ ಮಾತನ್ನು ಸಮಿತಿಯವರು ಹೆಚ್ಚು ನಂಬುತ್ತಾರೆ.

ಮಧ್ಯರಾತ್ರಿ ದಾಟಿದ ಮೇಲೆ ಅವಳು ಹೊಸದಾಗಿ ಬರೆದ ಪತ್ರ ಇದು. ಎರಡು ಪದಗಳನ್ನು ಬಿಟ್ಟರೆ ನಾನು ಏನನ್ನೂ ಬದಲಿಸಲಿಲ್ಲ.

> ವಿಷಯ: ಶಿಫಾರಸು ಪತ್ರಕ್ಕಾಗಿ ಕೋರಿಕೆ (ಅನ್ವಯಿಕ ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ, ಮೊದಲ ಗಡುವು ಡಿಸೆಂಬರ್ 15)
>
> ಗೌರವಾನ್ವಿತ ಸರ್,
>
> ನಾನು ಎರಡು ವರ್ಷದ ಹಿಂದೆ ತಮ್ಮ ಅನ್ವಯಿಕ ಸಂಖ್ಯಾಶಾಸ್ತ್ರ ತರಗತಿಯಲ್ಲಿದ್ದೆ (ಪೂರ್ಣ ಹೆಸರು ಮತ್ತು ನೋಂದಣಿ ಸಂಖ್ಯೆ ಕೆಳಗಿದೆ). ಉಷ್ಣಾಂಶದ ದಾಖಲೆಗಳಲ್ಲಿ ಬಿಟ್ಟುಹೋದ ಅಳತೆಗಳ ಬಗ್ಗೆ ಪ್ರಾಜೆಕ್ಟ್ ಮಾಡಿದ್ದೆ. ಸರಾಸರಿ ತುಂಬಿದರೆ ಏರಿಳಿತ ಕುಗ್ಗುತ್ತದೆಂದು ತಾವು ಮೊದಲ ವರದಿಯ ಅಂಚಿನಲ್ಲಿ ಬರೆದದ್ದನ್ನು ಪರೀಕ್ಷಿಸಿ, ಬೇರೆ ವಿಧಾನದಿಂದ ಮತ್ತೆ ಮಾಡಿ ಎರಡನೆಯ ವರದಿಯನ್ನು ಒಪ್ಪಿಸಿದ್ದೆ.
>
> ಆ ಕೆಲಸದಿಂದ ಮೂಡಿದ ಆಸಕ್ತಿಯಲ್ಲೇ ಈಗ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದೇನೆ. ಐದು ಅರ್ಜಿಗಳಿಗೆ ತಮ್ಮ ಪತ್ರವನ್ನು ಕೋರಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ. ಮೂರರ ಗಡುವು ಡಿಸೆಂಬರ್ 15, ಎರಡರದ್ದು ಜನವರಿ 5. ಹದಿನೇಳು ದಿನ ಕಡಿಮೆಯೆಂದು ನನಗೆ ಅರಿವಿದೆ, ಇನ್ನೂ ಮೊದಲೇ ಕೇಳಬೇಕಾಗಿತ್ತು. ಡಿಸೆಂಬರ್‌ನ ಮೂರು ಕಷ್ಟವಾದರೆ ಜನವರಿಯ ಎರಡಕ್ಕೆ ಮಾತ್ರ ಬರೆದರೂ ನನಗೆ ದೊಡ್ಡ ಸಹಾಯ.
>
> ನನ್ನ ಕೆಲಸವನ್ನು ಬೆಂಬಲಿಸಿ ವಿವರವಾಗಿ ಬರೆಯುವಷ್ಟು ಪರಿಚಯ ಇಲ್ಲವೆನಿಸಿದರೆ, ಅಥವಾ ಈಗ ಬಿಡುವಿಲ್ಲದಿದ್ದರೆ, ದಯವಿಟ್ಟು ಹಾಗೆಂದು ತಿಳಿಸಿ. ನಾನು ಬೇರೆಯವರನ್ನು ಕೇಳಿಕೊಳ್ಳುತ್ತೇನೆ. ಸಾಧ್ಯವಾದರೆ ಬುಧವಾರದೊಳಗೆ ಒಂದು ಸಾಲಿನ ಉತ್ತರ ಸಿಕ್ಕರೆ ಅನುಕೂಲ. ತಮ್ಮ ಒಪ್ಪಿಗೆಗೆ ಮೊದಲೇ ಎರಡು ಪೋರ್ಟಲ್‌ಗಳಿಂದ ಲಿಂಕ್ ಬಂದಿರುತ್ತದೆ. ಅದು ನನ್ನ ತಪ್ಪು, ಕ್ಷಮಿಸಿ. ಉಳಿದವನ್ನು ತಾವು ಒಪ್ಪಿದ ಮೇಲೆಯೇ ಕಳಿಸುತ್ತೇನೆ.
>
> ರೆಸ್ಯೂಮೆ, ಅಂಕಪಟ್ಟಿ, ಉದ್ದೇಶ ಪತ್ರದ ಕರಡು ಮತ್ತು ಆ ಎರಡನೆಯ ವರದಿಯನ್ನು ಲಗತ್ತಿಸಿದ್ದೇನೆ. ಗಡುವುಗಳ ಪಟ್ಟಿ ಕೆಳಗಿದೆ.

ಪಟ್ಟಿಯಲ್ಲಿ ಪ್ರತಿ ಅರ್ಜಿಗೂ ಒಂದು ಸಾಲಿತ್ತು: ವಿಶ್ವವಿದ್ಯಾಲಯ, ಪದವಿ, ಗಡುವು ಪ್ರಾಧ್ಯಾಪಕರ ಗಡಿಯಾರದ ಪ್ರಕಾರ, ಪತ್ರ ಲೆಟರ್‌ಹೆಡ್‌ನಲ್ಲಿ ಇರಬೇಕೇ, ಲಿಂಕ್ ಯಾವ ವಿಳಾಸದಿಂದ ಬರುತ್ತದೆ. ಕೊನೆಯದು ಚಿಕ್ಕ ವಿಷಯದಂತೆ ಕಂಡರೂ, ಇಂಥ ಸ್ವಯಂಚಾಲಿತ ಇಮೇಲ್‌ಗಳು ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳುವುದು ಬಹಳ ಸಾಮಾನ್ಯ. ವಿಳಾಸ ಗೊತ್ತಿದ್ದರೆ ಹುಡುಕಿ ತೆಗೆಯಬಹುದು.

ಹೊಸ ಪತ್ರ ಹಳೆಯದರ ಎರಡರಷ್ಟು ಉದ್ದವಾಯಿತೆಂದು ಅವಳಿಗೆ ಆತಂಕವಿತ್ತು. ಉದ್ದವಾದರೂ ಓದಲು ಬೇಗ ಆಗುತ್ತದೆಂದು ನನಗನ್ನಿಸಿತು. ಹಳೆಯದನ್ನು ಓದಿದವರು, ನೀನು ಯಾರು, ಯಾವ ತರಗತಿ, ಯಾವ ಪದವಿ, ಯಾವ ದಿನ ಎಂದು ನಾಲ್ಕು ಬಾರಿ ತಿರುಗಿ ಬರೆದು ಕೇಳಬೇಕಾಗಿತ್ತು.

ಶನಿವಾರ ಉತ್ತರ ಬಂತು. ವರದಿ ನೆನಪಿದೆ, ಐದಕ್ಕೂ ಬರೆಯುತ್ತೇನೆ, ಉದ್ದೇಶ ಪತ್ರದ ಮುಂದಿನ ಕರಡು ಸಿದ್ಧವಾದರೆ ಕಳಿಸು ಎಂದಿದ್ದರು. ಅವಳು ಅಂದೇ ಉಳಿದ ಲಿಂಕ್‌ಗಳನ್ನು ಕಳಿಸಿದಳು, ಮರುವಾರ ಕರಡನ್ನೂ ಕಳಿಸಿದಳು. ಡಿಸೆಂಬರ್ 9ರವರೆಗೆ ಪೋರ್ಟಲ್‌ನಲ್ಲಿ ಏನೂ ಕಾಣಿಸದಿದ್ದಾಗ ಪ್ರತಿದಿನ ನನ್ನನ್ನು ಕೇಳುತ್ತಿದ್ದಳು, ನೆನಪಿಸಬಹುದೇ ಎಂದು. ಗಡುವಿಗೆ ಐದಾರು ದಿನ ಮೊದಲು ಒಮ್ಮೆ, ಬಂದಿರದಿದ್ದರೆ ಹಿಂದಿನ ದಿನ ಇನ್ನೊಮ್ಮೆ, ಅದಕ್ಕಿಂತ ಹೆಚ್ಚು ಬೇಡವೆಂದೆ. 10ರಂದು ಅವಳು ಅದೇ ಹಳೆಯ ಇಮೇಲ್‌ಗೆ ಉತ್ತರವಾಗಿ, ಪಟ್ಟಿಯೂ ಲಗತ್ತುಗಳೂ ಮತ್ತೆ ಕಣ್ಣಿಗೆ ಬೀಳುವಂತೆ, ಮೂರು ಸಾಲು ಬರೆದಳು: ಸೋಮವಾರ ಮೂರು ಅರ್ಜಿಗಳ ಗಡುವು ಇದೆ, ಲಿಂಕ್ ಸಿಗದಿದ್ದರೆ ಮತ್ತೆ ಕಳಿಸುತ್ತೇನೆ, ಬೇರೆ ಮಾಹಿತಿ ಬೇಕಿದ್ದರೆ ದಯವಿಟ್ಟು ತಿಳಿಸಿ.

12ರ ಸಂಜೆ ಉತ್ತರ ಬಂತು. "ಮೂರಕ್ಕೂ ಸಲ್ಲಿಸಿದೆ. ಒಂದರ ಲಿಂಕ್ ಸ್ಪ್ಯಾಮ್‌ನಲ್ಲಿತ್ತು, ನೀನು ಕೊಟ್ಟ ವಿಳಾಸದಿಂದ ಸಿಕ್ಕಿತು. ಜನವರಿಯ ಎರಡನ್ನು ಹೊಸ ವರ್ಷದ ಮೊದಲ ವಾರ ನೆನಪಿಸು."